ಮತದಾರರ ನೋಂದಣಿಯ ಪೋಸ್ಟಿನಲ್ಲಿ ‘ಕೊನೆಯ ದಿನ’ ಎಂದು ಯಾವ ದಿನಾಂಕ ಬರೆಯಬೇಕು?

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಮತದಾರರ ನೋಂದಣಿಯ ಬಗ್ಗೆ ಒಂದು ಪೋಸ್ಟ್ ಹಾಕಬೇಕೆಂದಿದ್ದೇವೆ. ಯಾವ ಪಕ್ಷದ ಪರವೂ ಅಲ್ಲ. ಹಂತಗಳು, ದಾಖಲೆಗಳು, ಕೊನೆಯ ದಿನಾಂಕ ಇಷ್ಟನ್ನು ಸರಳವಾಗಿ ಹೇಗೆ ಬರೆಯುವುದು? ಚುನಾವಣೆ ಘೋಷಣೆಯಾದ ಮೇಲೆ ಹಾಕಿದರೆ ಹೆಚ್ಚು ಜನ ನೋಡುತ್ತಾರೆ ಎಂದು ಗೆಳೆಯರು ಹೇಳುತ್ತಿದ್ದಾರೆ.

ಉತ್ತರ: ಘೋಷಣೆಗೆ ಕಾಯಬೇಡಿ. 2023ರಲ್ಲಿ ನಾವು ಕಾದೆವು. ವಿಧಾನಸಭೆ ಚುನಾವಣೆಯ ವೇಳಾಪಟ್ಟಿ ಮಾರ್ಚ್ 29ರಂದು ಪ್ರಕಟವಾಯಿತು. ನಾಲ್ಕು ದಿನ ಬಿಟ್ಟು ನಮ್ಮ ಸಂಘದ ಪೋಸ್ಟ್ ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೋಯಿತು. ಅದನ್ನು ಬರೆದವನು ನಾನು. ಅದರಲ್ಲಿ ಕೆಂಪು ಅಕ್ಷರಗಳಲ್ಲಿ ‘ಕೊನೆಯ ದಿನ: ಏಪ್ರಿಲ್ 20’ ಎಂದಿತ್ತು. ಆ ದಿನಾಂಕ ತಪ್ಪಾಗಿತ್ತು.

ಏಕೆ ತಪ್ಪಿದೆನೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲಿಯೇ ಎಡವುವ ಸಂಭವವಿದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದವರೆಗೆ ಪಟ್ಟಿಗೆ ಹೆಸರು ಸೇರಿಸಬಹುದು ಎಂದು ಯಾರೋ ಹೇಳಿದ್ದರು. ಮಾತು ಸರಿಯೇ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 23ನೆಯ ಕಲಮಿನಲ್ಲಿ ಹಾಗೆಯೇ ಇದೆ. ಆ ವರ್ಷ ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20. ಆದರೆ ಅದು ಅಧಿಕಾರಿ ಹೆಸರು ಸೇರಿಸುವ ಕೆಲಸ ಮುಗಿಸಬೇಕಾದ ದಿನ. ನಾನು ಅದನ್ನು ನಾವು ಅರ್ಜಿ ಕೊಡುವ ದಿನವೆಂದು ತಿಳಿದೆ. ಈ ಎರಡರ ನಡುವೆ ಬಹಳ ಕೆಲಸವಿದೆ. ಬಂದ ಅರ್ಜಿಗಳ ಪಟ್ಟಿಯನ್ನು ಆಕ್ಷೇಪಣೆಗಾಗಿ ಏಳು ದಿನ ಪ್ರಕಟಿಸಬೇಕು. ಅಷ್ಟರಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್ಒ, ಮನೆಗೆ ಬಂದು ವಿಚಾರಿಸಿ ವರದಿ ಕೊಡಬೇಕು. ಆಮೇಲೆಯೇ ನೋಂದಣಾಧಿಕಾರಿಯ ಆದೇಶ. ಆದ್ದರಿಂದ ನಾಮಪತ್ರದ ಕೊನೆಯ ದಿನಕ್ಕಿಂತ ಸುಮಾರು ಹತ್ತು ದಿನ ಮೊದಲೇ ಅರ್ಜಿ ಕೈಸೇರಿರಬೇಕು. ಆ ಸಲ ಅದು ಏಪ್ರಿಲ್ 11 ಆಗಿತ್ತು. ಅಂದರೆ ನಮ್ಮ ಪೋಸ್ಟ್ ಜನರಿಗೆ ಇಲ್ಲದ ಒಂಬತ್ತು ದಿನಗಳನ್ನು ಕೊಟ್ಟಿತ್ತು.

ನಮ್ಮ ಬೀದಿಯ ಒಬ್ಬ ಹುಡುಗಿಗೆ ಆ ಮಾರ್ಚ್ 14ಕ್ಕೆ ಹದಿನೆಂಟು ತುಂಬಿತ್ತು. ಪಿಯುಸಿ ಪರೀಕ್ಷೆ ಮುಗಿಸಿ ಅಜ್ಜಿಯ ಊರಿಗೆ ಹೋದವಳು, ಇನ್ನೂ ಸಮಯವಿದೆಯಲ್ಲ ಎಂದು ನಿಧಾನವಾಗಿ ಬಂದು ಏಪ್ರಿಲ್ 16ರಂದು ಅರ್ಜಿ ಹಾಕಿದಳು. ಮೊಬೈಲಿಗೆ ಅರ್ಜಿಯ ಸಂಖ್ಯೆಯೂ ಬಂತು. ಮೇ 10ರಂದು ಸರದಿಯಲ್ಲಿ ನನಗಿಂತ ಮುಂದೆ ಅವಳೂ ಅವಳ ತಾಯಿಯೂ ನಿಂತಿದ್ದರು. ಮತಗಟ್ಟೆಯ ಅಧಿಕಾರಿ ತಾಯಿಯ ಹೆಸರಿಗೆ ಗುರುತು ಹಾಕಿದರು. ನಂತರ ಪಟ್ಟಿಯ ಕೊನೆಗೆ ಹೊಸ ಹೆಸರುಗಳಿರುವ ಪೂರಕ ಹಾಳೆಗಳನ್ನು ತಿರುವಿದರು. ಒಮ್ಮೆ ಬೆರಳಿಟ್ಟು ಕೆಳಗಿನವರೆಗೆ ನೋಡಿದರು, ಮತ್ತೊಮ್ಮೆ ಮೇಲಿನಿಂದ ನೋಡಿದರು. ‘ಇಲ್ಲಮ್ಮ, ನಿಮ್ಮ ಹೆಸರಿಲ್ಲ’ ಎಂದರು. ಅವಳು ಅರ್ಜಿಯ ಸಂಖ್ಯೆ ಬರೆದ ಚೀಟಿಯನ್ನೂ ಆಧಾರ್ ಕಾರ್ಡನ್ನೂ ತೋರಿಸಿದಳು. ಅವೆರಡೂ ಇದ್ದು ಪ್ರಯೋಜನವಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಹೊರಗೆ ಬಂದು, ‘ಅಣ್ಣ, ನೀವು ಇಪ್ಪತ್ತು ಎಂದು ಹಾಕಿದ್ದಿರಲ್ಲ’ ಎಂದಷ್ಟೇ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಅಂದು ನಮ್ಮ ಪೋಸ್ಟ್ ನಂಬಿ ಹೀಗೆ ಮರಳಿದವರು ನನಗೆ ಗೊತ್ತಿರುವಂತೆ ಹನ್ನೊಂದು ಮಂದಿ.

ಹಾಗಾಗಿ ಹೆಚ್ಚು ಜನ ನೋಡುತ್ತಾರೆ ಎಂಬ ಲೆಕ್ಕವನ್ನೇ ಬಿಡಿ ಎನ್ನುತ್ತೇನೆ. ಘೋಷಣೆಯ ನಂತರ ಎಲ್ಲರೂ ನೋಡುತ್ತಾರೆ, ಆದರೆ ಆಗ ಕೈಯಲ್ಲಿ ಉಳಿದಿರುವುದು ಕೆಲವೇ ದಿನ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮೇ ತಿಂಗಳಲ್ಲಿ ಹದಿನೆಂಟು ತುಂಬುವವರು ಜುಲೈ 1ರ ಲೆಕ್ಕಕ್ಕೆ ಬರುತ್ತಾರೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ನಿಮ್ಮ ಪೋಸ್ಟ್ ಚುನಾವಣೆಯಿಲ್ಲದ ತಿಂಗಳಲ್ಲಿ, ಕಾಲೇಜುಗಳ ಪ್ರವೇಶ ನಡೆಯುವಾಗ ಹೋಗಲಿ. ಆಗ ದಾಖಲೆಗಳು ಹೇಗೂ ಕೈಯಲ್ಲಿಯೇ ಇರುತ್ತವೆ.

ದಾಖಲೆಗಳ ಉದ್ದ ಪಟ್ಟಿ ಕೊಡಬೇಡಿ, ಓದಿದವರು ಎಲ್ಲವೂ ಬೇಕೆಂದು ಹೆದರುತ್ತಾರೆ. ಬೇಕಾಗಿರುವುದು ಮೂರೇ. ಇತ್ತೀಚಿನ ಒಂದು ಭಾವಚಿತ್ರ, ಹುಟ್ಟಿದ ದಿನಾಂಕಕ್ಕೆ ಒಂದು ದಾಖಲೆ (ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು), ವಿಳಾಸಕ್ಕೆ ಒಂದು ದಾಖಲೆ. ವಿಳಾಸಕ್ಕೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಅಥವಾ ಮನೆಯ ವಿದ್ಯುತ್ ಬಿಲ್ ನಡೆಯುತ್ತದೆ. ಹಾಸ್ಟೆಲಿನಲ್ಲಿ ಇರುವ ವಿದ್ಯಾರ್ಥಿಗಳು ಊರಿನ ಮನೆಯ ವಿಳಾಸದಲ್ಲಾದರೂ ನೋಂದಾಯಿಸಬಹುದು, ಕಾಲೇಜಿನ ಮುಖ್ಯಸ್ಥರಿಂದ ದೃಢೀಕರಣ ಪಡೆದು ಹಾಸ್ಟೆಲ್ ವಿಳಾಸದಲ್ಲಾದರೂ ನೋಂದಾಯಿಸಬಹುದು. ಎರಡು ಕಡೆ ಮಾತ್ರ ಕೂಡದು.

ಹೊಸಬರಿಗೆ ನಮೂನೆ 6. ಈಗಾಗಲೇ ಬೇರೆ ಊರಿನ ಪಟ್ಟಿಯಲ್ಲಿದ್ದು ಮನೆ ಬದಲಿಸಿದವರಿಗೆ ನಮೂನೆ 8. ಈ ಒಂದು ಸಾಲನ್ನು ದೊಡ್ಡದಾಗಿ ಬರೆಯಿರಿ. ನಮೂನೆ 6ರಲ್ಲಿ ‘ಮೊದಲ ಬಾರಿಗೆ ಸೇರುತ್ತಿದ್ದೇನೆ’ ಎಂಬ ಘೋಷಣೆಗೆ ಸಹಿ ಮಾಡಬೇಕಾಗುತ್ತದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡದ ಶಿಕ್ಷೆಯಿದೆ.

ಅರ್ಜಿ ಹಾಕುವ ಜಾಗ voters.eci.gov.in. ಮೊಬೈಲ್ ಸಂಖ್ಯೆ ಕೊಟ್ಟು ಒಳಗೆ ಹೋಗಿ ನಮೂನೆ ತುಂಬಬಹುದು. ಒಂದೆರಡು ಕಡೆ ಮಾತ್ರ ಎಚ್ಚರ ಬೇಕು. ಮನೆಯಲ್ಲಿ ಈಗಾಗಲೇ ಮತದಾರರಾಗಿರುವವರ ಗುರುತಿನ ಚೀಟಿಯ ಸಂಖ್ಯೆ ಕೇಳುವ ಜಾಗವನ್ನು ತುಂಬಿದರೆ, ನಿಮ್ಮ ಹೆಸರನ್ನು ಅವರದೇ ಮತಗಟ್ಟೆಗೆ ಹಾಕುವುದು ಸುಲಭ. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಾಗ ಕನ್ನಡದ ರೂಪ ತಾನಾಗಿ ಮೂಡುತ್ತದೆ, ಅಲ್ಲಿ ‘ಳ’ ಇರಬೇಕಾದೆಡೆ ‘ಲ’ ಬಂದಿರುತ್ತದೆ. ಕಳುಹಿಸುವ ಮುನ್ನ ತಿದ್ದಿ. ಮೊಬೈಲಿನಲ್ಲಿ ಆಗದವರು ನೇರವಾಗಿ ಬಿಎಲ್ಒಗೆ ಕಾಗದದ ಅರ್ಜಿ ಕೊಡಬಹುದು. ನೀವು ಮಾತ್ರ ಬೀದಿಯ ಅರ್ಜಿಗಳನ್ನೆಲ್ಲ ಒಟ್ಟುಗೂಡಿಸಿ ಕಟ್ಟು ಕಟ್ಟಿ ಒಯ್ಯಬೇಡಿ. ಸಂಘಸಂಸ್ಥೆಗಳಿಂದ ಹಾಗೆ ಒಟ್ಟಾಗಿ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ಕುಳಿತು ತುಂಬಿಸಿ, ಕಳುಹಿಸುವುದು ಅವರೇ ಆಗಿರಲಿ.

ಪಕ್ಷಾತೀತ ಎಂದು ಬರೆದುಕೊಂಡರೆ ಸಾಲದು. ಮುದ್ರಣದ ಖರ್ಚು ಕೊಡುತ್ತೇನೆ ಎಂದು ಊರಿನ ಮುಖಂಡರು ಬಂದೇ ಬರುತ್ತಾರೆ, ಬೇಡವೆನ್ನಿ. ಒಬ್ಬರ ಹೆಸರು ಮೂಲೆಯಲ್ಲಿ ಬಂದರೂ ಅರ್ಧ ಊರು ಆ ಹಾಳೆಯನ್ನು ಓದುವುದಿಲ್ಲ.

ಅರ್ಜಿಯ ಸಂಖ್ಯೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎಂಬುದನ್ನು ಪೋಸ್ಟಿನಲ್ಲಿ ಹೇಳಲೇಬೇಕು. ಅದೇ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅರ್ಜಿ ಎಲ್ಲಿದೆ ಎಂದು ಕಾಣುತ್ತದೆ. ವಾರ ಕಳೆದರೂ ಬಿಎಲ್ಒ ಬರದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಮನೆಗೆ ಬೀಗವಿದ್ದಾಗ ಅವರು ಬಂದು ಹೋಗಿದ್ದರೆ ಅರ್ಜಿ ತಿರಸ್ಕೃತವಾಗುವ ಸಾಧ್ಯತೆಯಿದೆ, ಆದ್ದರಿಂದ ಪಕ್ಕದ ಮನೆಯವರಿಗೆ ತಿಳಿಸಿರಿ. ಸ್ವೀಕೃತವಾಯಿತು ಎಂದು ಬಂದ ಮೇಲೆ ಪಟ್ಟಿಯಲ್ಲಿ ಹೆಸರನ್ನು ಕಣ್ಣಾರೆ ಹುಡುಕಿ.

ಚುನಾವಣೆ ಘೋಷಣೆಯಾದ ಮೇಲೂ ಒಂದು ಪೋಸ್ಟ್ ಹಾಕಲೇಬೇಕೆಂದಿದ್ದರೆ, ದಿನಾಂಕವನ್ನು ನೀವೇ ಲೆಕ್ಕ ಹಾಕಬೇಡಿ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋಗಿ ‘ಅರ್ಜಿ ಯಾವ ದಿನದೊಳಗೆ ತಲುಪಿದರೆ ಈ ಚುನಾವಣೆಯಲ್ಲಿ ಮತ ಹಾಕಬಹುದು’ ಎಂದು ಇದೇ ಮಾತಿನಲ್ಲಿ ಕೇಳಿ. ‘ಕೊನೆಯ ದಿನ ಯಾವಾಗ’ ಎಂದು ಕೇಳಿದರೆ ನನಗೆ ಸಿಕ್ಕ ಉತ್ತರವೇ ನಿಮಗೂ ಸಿಗಬಹುದು.