ಅಮೆರಿಕದ ತಂಡದ ಜೊತೆ ಇಂಟರ್ನ್‌ಶಿಪ್: ರಾತ್ರಿಯೆಲ್ಲ ಎದ್ದಿರಬೇಕಾ?

"ಕ್ಯಾಲಿಫೋರ್ನಿಯಾದ ತಂಡಕ್ಕೆ ಮನೆಯಿಂದ್ಲೇ ಇಂಟರ್ನ್ ಆಗಿದೀನಿ. ರಾತ್ರಿ 2ರವರೆಗೆ ಆನ್‌ಲೈನ್ ಇರದಿದ್ರೆ ಹಿಂದೆ ಬೀಳ್ತೀನಾ?"

ಇಲ್ಲ. ಮೈಸೂರಲ್ಲಿ ಕೂತು ಅಂಥದ್ದೇ ತಂಡಕ್ಕೆ ಕೆಲಸ ಮಾಡುವಾಗ ನಾನು ಹಿಂದೆ ಬಿದ್ದಿದ್ದು ನಿದ್ದೆಯಿಂದಲ್ಲ, ಒಂದು ಮೆಸೇಜಿನಿಂದ.

ಜೂನ್ ತಿಂಗಳು, ಬುಧವಾರ ಸಂಜೆ 6ಕ್ಕೆ ಬರೆದೆ: "ಫಿಲ್ಟರ್ ಹೆಚ್ಚುಕಮ್ಮಿ ಮುಗೀತು, ಒಂದು ಡೌಟ್ ಇದೆ." ಅಲ್ಲಿ ಬೆಳಗಿನ ಜಾವ 5:30. ಮೆಂಟರ್ ತಮ್ಮ ಆಫೀಸ್ ಹೊತ್ತಲ್ಲಿ "ಏನು ಡೌಟ್?" ಅಂತ ಕೇಳಿದಾಗ ನಾನು ಮಲಗಿದ್ದೆ. ಗುರುವಾರ ಬೆಳಗ್ಗೆ 9ಕ್ಕೆ ವಿವರಿಸಿದೆ. ಅಲ್ಲಿ ಬುಧವಾರ ರಾತ್ರಿ 8:30, ಅವರು ಎದ್ದು ಹೋಗಿದ್ದರು. ಗುರುವಾರ ರಾತ್ರಿ ಅವರ ಪ್ರಶ್ನೆ: "ಕೋಡ್ ಎಲ್ಲಿದೆ?" ಅದು ನನ್ನ ಲ್ಯಾಪ್‌ಟಾಪಲ್ಲೇ ಇತ್ತು, ಪುಶ್ ಮಾಡಿರಲಿಲ್ಲ. ಶುಕ್ರವಾರ ಬೆಳಗ್ಗೆ ಪುಶ್ ಮಾಡಿದೆ, ಉತ್ತರ ಬಂದಾಗ ಶುಕ್ರವಾರ ರಾತ್ರಿ. ಕೆಲಸ ಮತ್ತೆ ಶುರುವಾಗಿದ್ದು ಸೋಮವಾರ. ಎದುರಿಗೆ ಕೂತಿದ್ದರೆ ಐದು ನಿಮಿಷದ ಮಾತು. ಇಷ್ಟು ದೂರದಲ್ಲಿ ಮೆಸೇಜಲ್ಲಿ ಬಿಟ್ಟುಹೋದ ಒಂದೊಂದು ವಿವರಕ್ಕೂ ಒಂದೊಂದು ದಿನ ಹೋಗುತ್ತೆ.

ಅದೇ ಮೆಸೇಜ್ ಹೀಗಿರಬೇಕಿತ್ತು: "ಕೋಡ್ `fix-date-filter` ಬ್ರಾಂಚಲ್ಲಿದೆ, ಪುಶ್ ಆಗಿದೆ. 14 ಟೆಸ್ಟಲ್ಲಿ 13 ಪಾಸ್, `test_empty_range` ಫೇಲ್. ಆ ಅವಧಿಯಲ್ಲಿ ಆರ್ಡರೇ ಇಲ್ಲದಿದ್ರೆ ಖಾಲಿ ಪಟ್ಟಿ ಕೊಡಬೇಕಾ, ಎರರ್ ಕೊಡಬೇಕಾ? ನಿಮ್ಮ ಉತ್ತರ ಬರದಿದ್ರೆ ನನ್ನ ಗುರುವಾರ ಬೆಳಗ್ಗೆ 10ಕ್ಕೆ ಖಾಲಿ ಪಟ್ಟಿ ಅಂತಲೇ ಮುಂದುವರಿಸ್ತೀನಿ, ಆಮೇಲೆ ಬದಲಿಸೋದು ಸುಲಭ." ಈ ಕೊನೇ ವಾಕ್ಯವೇ ಮುಖ್ಯ. ಅವರು ಸುಮ್ಮನಿದ್ದರೂ ನಿಮ್ಮ ಕೆಲಸ ನಿಲ್ಲಲ್ಲ. ಡೇಟಾ ಅಳಿಸುವಂಥ, ಹಿಂದಕ್ಕೆ ತರಲಾಗದ ಕೆಲಸಕ್ಕೆ ಮಾತ್ರ ಹೀಗೆ ಬರೀಬೇಡಿ, ಕಾಯಿರಿ. "ಇವತ್ತು", "ನಾಳೆ" ಅಂತಲೂ ಬೇಡ, ವಾರದ ಹೆಸರು ಹಾಕಿ. ನಿಮ್ಮ ಗುರುವಾರ ಬೆಳಗ್ಗೆ ಅವರಿಗಿನ್ನೂ ಬುಧವಾರ.

ವಿಡಿಯೋ ಕಾಲ್ ವಾರಕ್ಕೆ ಎರಡು ಸಾಕು, ರಾತ್ರಿ 9:30ಕ್ಕೆ, ಅವರ ಬೆಳಗ್ಗೆ 9ಕ್ಕೆ. ಫೇಲ್ ಆದ ಟೆಸ್ಟನ್ನು ಮೊದಲೇ ಸ್ಕ್ರೀನಲ್ಲಿ ತೆರೆದಿಡಿ, ಇಲ್ಲಾಂದ್ರೆ ಹುಡುಕೋದ್ರಲ್ಲೇ ಕಾಲು ಗಂಟೆ ಹೋಗುತ್ತೆ. ನೆಟ್ ತೊದಲಿದರೆ ಮೊದಲು ಕ್ಯಾಮೆರಾ ಆಫ್ ಮಾಡಿ, ದನಿ ಉಳಿಯುತ್ತೆ. ಕರೆಂಟ್ ಹೋದರೆ ವೈಫೈಯೂ ಹೋಗುತ್ತೆ, ಫೋನ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪನ್ನು ಒಮ್ಮೆ ಮೊದಲೇ ಜೋಡಿಸಿ ನೋಡಿರಿ. ಕಾಲ್ ಮುಗಿದ ಕೂಡಲೇ ತೀರ್ಮಾನ ಆಗಿದ್ದನ್ನು ಎರಡು ಸಾಲಲ್ಲಿ ಬರೆದು ಹಾಕಿ. ಅವರ ಇಂಗ್ಲಿಷ್ ಉಚ್ಚಾರಣೆಯಲ್ಲಿ ನೀವು ತಪ್ಪಾಗಿ ಕೇಳಿಸಿಕೊಂಡಿದ್ದರೆ ಅಲ್ಲೇ ತಿದ್ದುತ್ತಾರೆ.

ನಿಮ್ಮ ಇಂಟರ್ನ್‌ಶಿಪ್ ನವೆಂಬರ್ ದಾಟುತ್ತೆ ಅಂದ್ರೆ, ಆ ತಿಂಗಳ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅವರ 9 ಗಂಟೆ ನಿಮಗೆ ರಾತ್ರಿ 10:30 ಆಗುತ್ತೆ. ಕ್ಯಾಲೆಂಡರಲ್ಲಿ ಕಾಲ್ ಹಾಕುವಾಗ ಟೈಮ್‌ಝೋನ್ `America/Los_Angeles` ಅಂತ ಆರಿಸಿ, ಅದು ತಾನೇ ಬದಲಾಗುತ್ತೆ.