ಒಂದೇ ಲೆಕ್ಕ, ಎರಡು ವಿಧಾನ: 20 ಎಲ್ಲಿ ಅಡಗಿತ್ತು?

ಪ್ರಶ್ನೆ: ಒಂದೇ ಕಂಪನಿಯ ನಗದು ಹರಿವಿನ ತಃಖ್ತೆಯನ್ನು ನೇರ ವಿಧಾನದಲ್ಲೂ ಪರೋಕ್ಷ ವಿಧಾನದಲ್ಲೂ ಮಾಡಿ ನೋಡಿದೆ. ಕಾರ್ಯಾಚರಣೆಯಿಂದ ಬಂದ ನಗದು ನೇರದಲ್ಲಿ 98, ಪರೋಕ್ಷದಲ್ಲಿ 118 ಬರ್ತಿದೆ. ಆದರೆ ಎರಡರಲ್ಲೂ ಕೊನೆಯ ಶಿಲ್ಕು 48 ಸರಿಯಾಗಿಯೇ ಕೂಡುತ್ತಿದೆ. ವಿಧಾನ ಬೇರೆ ಅಂದಮೇಲೆ ಉತ್ತರವೂ ಬೇರೆ ಬರಬಹುದಾ, ಇಲ್ಲ ಎಲ್ಲೋ ಎಡವಿದ್ದೀನಾ? ನನ್ನ ಲೆಕ್ಕ ಜೊತೆಗಿಟ್ಟಿದ್ದೇನೆ.

ಉತ್ತರ: ಎಡವಿದ್ದೀರಿ, ಪರೋಕ್ಷದ ಕಡೆ. ಸರಿಯಾದ ಉತ್ತರ 98. ಕೊನೆಯ ಶಿಲ್ಕು ಕೂಡಿದರೂ ಒಳಗೆ ತಪ್ಪು ಉಳಿದಿರಬಹುದು ಅನ್ನೋದಕ್ಕೆ ನಿಮ್ಮ ಲೆಕ್ಕ ಒಳ್ಳೆ ಉದಾಹರಣೆ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಮೊದಲು ನೀವು ಕಳಿಸಿದ ಅಂಕಿಗಳು. ಎಲ್ಲವೂ ಸಾವಿರದ ಲೆಕ್ಕದಲ್ಲಿವೆ. ಮಾರಾಟ 1,000, ಮಾರಿದ ಸರಕಿನ ವೆಚ್ಚ 600, ಸಂಬಳ ಮತ್ತು ಇತರ ಖರ್ಚು 180, ಸವಕಳಿ 50, ಬಡ್ಡಿ 30, ಹಳೆ ಯಂತ್ರ ಮಾರಿದ್ದರಲ್ಲಿ ಲಾಭ 20, ತೆರಿಗೆ 40. ಉಳಿದ ನಿವ್ವಳ ಲಾಭ 120. ಬ್ಯಾಲೆನ್ಸ್ ಶೀಟ್ ಹೀಗಿದೆ:

| | ವರ್ಷದ ಆರಂಭ | ವರ್ಷದ ಕೊನೆ |
|---|---|---|
| ನಗದು | 45 | 48 |
| ಗಿರಾಕಿಗಳಿಂದ ಬರಬೇಕಾದ ಬಾಕಿ | 120 | 170 |
| ಸರಕು ದಾಸ್ತಾನು | 90 | 110 |
| ಯಂತ್ರಗಳು (ಸವಕಳಿ ಕಳೆದು) | 300 | 340 |
| ಪೂರೈಕೆದಾರರಿಗೆ ಕೊಡಬೇಕಾದ್ದು | 80 | 95 |
| ಕೊಡಬೇಕಾದ ಸಂಬಳ, ಖರ್ಚು | 12 | 7 |
| ಕೊಡಬೇಕಾದ ತೆರಿಗೆ | 10 | 18 |
| ಸಾಲ | 200 | 175 |
| ಬಂಡವಾಳ ಮತ್ತು ಉಳಿಕೆ ಲಾಭ | 253 | 373 |

ಇದರ ಜೊತೆಗೆ ಟಿಪ್ಪಣಿಯಲ್ಲಿ ಒಂದು ಸಾಲಿದೆ: 40 ಪುಸ್ತಕ ಬೆಲೆ ಇದ್ದ ಹಳೆ ಯಂತ್ರವನ್ನು ನಗದಿಗೆ 60ಕ್ಕೆ ಮಾರಲಾಗಿದೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ.

ನೇರ ವಿಧಾನದಲ್ಲಿ ನಾವು ಕೇಳೋ ಪ್ರಶ್ನೆ ಒಂದೇ: ಕೈಗೆ ಎಷ್ಟು ಬಂತು, ಕೈಯಿಂದ ಎಷ್ಟು ಹೋಯಿತು? ಗಿರಾಕಿಗಳ ಹಳೆ ಬಾಕಿ 120, ಈ ವರ್ಷದ ಮಾರಾಟ 1,000, ಒಟ್ಟು 1,120 ಬರಬೇಕಿತ್ತು. ಅದರಲ್ಲಿ 170 ಇನ್ನೂ ಬಾಕಿ ಇದೆ. ಅಂದರೆ ಬಂದಿದ್ದು 950.

ಪೂರೈಕೆದಾರರದ್ದು ಎರಡು ಹೆಜ್ಜೆ. ಮಾರಿದ ಸರಕು 600ರದ್ದು, ಆದರೆ ಗೋದಾಮಿನಲ್ಲಿ 20ರ ಸರಕು ಜಾಸ್ತಿ ಆಗಿದೆ. ಹಾಗಾದರೆ ಖರೀದಿ 620. ಹಳೆ ಬಾಕಿ 80 ಸೇರಿಸಿ, ಕೊನೆಯ ಬಾಕಿ 95 ಕಳೆದರೆ ಕೊಟ್ಟಿದ್ದು 605. ಇಲ್ಲಿ ತುಂಬಾ ಜನ ಮೊದಲ ಹೆಜ್ಜೆ ಮರೆತು 600ರಿಂದಲೇ ಶುರು ಮಾಡ್ತಾರೆ. ನೀವು ಹಾಗೆ ಮಾಡಿಲ್ಲ. ಸಂಬಳ ಮತ್ತು ಖರ್ಚಿಗೆ ಕೊಟ್ಟಿದ್ದು 12 + 180 − 7, ಅಂದರೆ 185. ತೆರಿಗೆ 10 + 40 − 18, ಅಂದರೆ 32. ಬಡ್ಡಿಯಲ್ಲಿ ಬಾಕಿ ಏನೂ ಇಲ್ಲ, 30 ಪೂರ್ತಿ ಕಟ್ಟಿದ್ದಾರೆ.

950ರಲ್ಲಿ 605, 185, 30, 32 ಕಳೆಯಿರಿ. 98 ಉಳಿಯುತ್ತದೆ. ಸವಕಳಿಯಾಗಲಿ, ಯಂತ್ರ ಮಾರಿದ ಲಾಭವಾಗಲಿ ಈ ದಾರಿಯಲ್ಲಿ ಎದುರಾಗಲೇ ಇಲ್ಲ, ಗಮನಿಸಿದಿರಾ? ಅದಕ್ಕೇ ನಿಮ್ಮ ನೇರ ವಿಧಾನ ಬಚಾವಾಯಿತು.

ಪರೋಕ್ಷ ವಿಧಾನ ಲಾಭದಿಂದ ಶುರುವಾಗಿ ಹಿಂದಕ್ಕೆ ನಡೆಯುತ್ತದೆ. ನಿಮ್ಮ ಹಾಳೆಯಲ್ಲಿ ಹೀಗಿದೆ: ಲಾಭ 120, ಸವಕಳಿ ಸೇರಿಸಿ 170, ಗಿರಾಕಿಗಳ ಬಾಕಿ ಏರಿದ್ದಕ್ಕೆ 50 ಕಳೆದು 120, ದಾಸ್ತಾನಿಗೆ 20 ಕಳೆದು 100, ಪೂರೈಕೆದಾರರ ಬಾಕಿ ಏರಿದ್ದಕ್ಕೆ 15 ಸೇರಿಸಿ 115, ಕೊಡಬೇಕಾದ ಖರ್ಚು ಇಳಿದಿದ್ದಕ್ಕೆ 5 ಕಳೆದು 110, ತೆರಿಗೆ ಬಾಕಿಗೆ 8 ಸೇರಿಸಿ 118. ಕೂಡಿಸಿ ಕಳೆಯೋದರಲ್ಲಿ ಒಂದೂ ತಪ್ಪಿಲ್ಲ. ಇಲ್ಲದಿರೋದು ಯಂತ್ರ ಮಾರಿದ ಲಾಭ 20.

ಆ 20 ಲಾಭ-ನಷ್ಟ ಖಾತೆಯಲ್ಲಿದೆ, 120ರ ಒಳಗೇ ಸೇರಿಕೊಂಡಿದೆ. ಆದರೆ ಅದು ಸರಕು ಮಾರಿ ಬಂದದ್ದಲ್ಲ. ಯಂತ್ರ ಮಾರಿ ಬಂದ 60ರಲ್ಲಿ ಒಂದು ತುಂಡು ಅಷ್ಟೇ, ಮತ್ತು ಆ 60 ಪೂರ್ತಿ ಹೂಡಿಕೆ ಚಟುವಟಿಕೆಗೆ ಸೇರಬೇಕು. ಹಾಗಾಗಿ ಇಲ್ಲಿಂದ 20 ತೆಗೆಯಬೇಕು. ತೆಗೆದರೆ 98.

ಸರಿ, 20 ಬಿಟ್ಟು ಹೋದರೂ ಕೊನೆಯ ಶಿಲ್ಕು ಹೇಗೆ ಕೂಡಿತು? ಸ್ವಾರಸ್ಯ ಇರೋದೇ ಇಲ್ಲಿ. ನಿಮ್ಮ ಎರಡು ತಃಖ್ತೆಗಳ ಹೂಡಿಕೆ ಭಾಗವನ್ನು ಪಕ್ಕಪಕ್ಕ ಇಟ್ಟು ನೋಡಿ. ನೇರದಲ್ಲಿ ಯಂತ್ರ ಖರೀದಿ 130, ಮಾರಾಟ 60, ಒಟ್ಟು ಹೋಗಿದ್ದು 70 ಅಂತ ಬರೆದಿದ್ದೀರಿ. ಪರೋಕ್ಷದಲ್ಲಿ ಒಂದೇ ಸಾಲು: ಯಂತ್ರ ಖರೀದಿ 90. ಬಹುಶಃ ಎರಡನೇ ಸಲ ಮಾಡುವಾಗ ಟಿಪ್ಪಣಿ ನೋಡದೆ ಬ್ಯಾಲೆನ್ಸ್ ಶೀಟಿನಿಂದಲೇ ತೆಗೆದಿರಿ. ಯಂತ್ರಗಳು 300ರಿಂದ 340ಕ್ಕೆ ಏರಿವೆ, 40, ಸವಕಳಿ 50, ಸೇರಿಸಿದರೆ 90.

ಆ 90ರಲ್ಲಿ ನಿಜವಾದ ಖರೀದಿ 130, ಅದರಿಂದ ಕಳೆದುಹೋದದ್ದು ಹಳೆ ಯಂತ್ರದ ಪುಸ್ತಕ ಬೆಲೆ 40. ಅಂದರೆ ನಿಮಗೇ ಗೊತ್ತಿಲ್ಲದ ಹಾಗೆ ಯಂತ್ರವನ್ನು 40ಕ್ಕೆ ಮಾರಿದಂತೆ ತೋರಿಸಿದ್ದೀರಿ. ಬಾಕಿ 20 ಲಾಭದ ರೂಪದಲ್ಲಿ ಮೇಲೆ, ಕಾರ್ಯಾಚರಣೆಯಲ್ಲಿ ಕೂತಿದೆ. ಒಂದು ಕಡೆ 20 ಜಾಸ್ತಿ, ಇನ್ನೊಂದು ಕಡೆ 20 ಕಡಿಮೆ. ಸಾಲ ತೀರಿಸಿದ 25 ಎರಡರಲ್ಲೂ ಒಂದೇ. ಆದ್ದರಿಂದ 98 − 70 − 25 ಮಾಡಿದರೂ ನಗದಿನ ಏರಿಕೆ 3, 118 − 90 − 25 ಮಾಡಿದರೂ 3. ಆರಂಭದ 45ಕ್ಕೆ ಸೇರಿಸಿದರೆ ಎರಡರಲ್ಲೂ 48.

ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಹಳ್ಳಕ್ಕೆ ಬಿದ್ದಿದ್ದೆ. ಶಿಲ್ಕು ಕೂಡಿತು ಅಂತ ಖುಷಿಯಲ್ಲಿ ತಃಖ್ತೆ ಒಪ್ಪಿಸಿದೆ. ನಮ್ಮ ಹಿರಿಯರು ಕೇಳಿದ್ದು ಒಂದೇ ಮಾತು: "ಯಂತ್ರ ಮಾರಿದ ದುಡ್ಡು ಎಲ್ಲಿ ಹೋಯ್ತಪ್ಪಾ?" ತಃಖ್ತೆಯಲ್ಲಿ ಮಾರಾಟದ ಸಾಲೇ ಇರಲಿಲ್ಲ.

ಆವತ್ತಿನಿಂದ ನಾನು ಯಂತ್ರದ ಖಾತೆಯನ್ನು ಪ್ರತ್ಯೇಕವಾಗಿ ಬರೆದೇ ಮುಂದೆ ಹೋಗೋದು. ಆರಂಭ 300, ಅದಕ್ಕೆ ಖರೀದಿ ಸೇರಬೇಕು, ಮಾರಿದ್ದರ ಪುಸ್ತಕ ಬೆಲೆ 40 ಮತ್ತು ಸವಕಳಿ 50 ಕಳೆಯಬೇಕು, ಕೊನೆಗೆ 340 ಬರಬೇಕು. ಖರೀದಿ 130 ತಾನಾಗಿ ಸಿಗುತ್ತದೆ. ಎರಡೇ ನಿಮಿಷದ ಕೆಲಸ.

ನಿಮ್ಮ ಅನುಮಾನಕ್ಕೆ ನೇರ ಉತ್ತರವೂ ಇಲ್ಲೇ ಇದೆ. ಎರಡು ವಿಧಾನಗಳಿಗೆ ವ್ಯತ್ಯಾಸ ಇರೋದು ಕಾರ್ಯಾಚರಣೆಯ ಭಾಗವನ್ನು ಬರೆಯುವ ರೀತಿಯಲ್ಲಿ ಮಾತ್ರ, ಅದರ ಮೊತ್ತದಲ್ಲಿ ಅಲ್ಲ. ಹೂಡಿಕೆ ಮತ್ತು ಹಣಕಾಸು ಭಾಗಗಳು ಸಾಲು ಸಾಲಾಗಿ ಒಂದೇ ಇರಬೇಕು. ಅಲ್ಲಿ ಒಂದು ಅಂಕಿ ಬೇರೆ ಕಂಡರೂ ತಪ್ಪು ಅಲ್ಲೇ ಹತ್ತಿರದಲ್ಲಿದೆ ಅಂತ ತಿಳಿಯಿರಿ. ಸುಮ್ನೆ ಕಾರ್ಯಾಚರಣೆಯ ಭಾಗವನ್ನೇ ಹತ್ತು ಸಲ ಕೂಡಿಸುತ್ತಾ ಕೂತರೆ ಸಿಗೋದಿಲ್ಲ.

ಅಂದಹಾಗೆ ವ್ಯತ್ಯಾಸ 20 ಅಂದ ತಕ್ಷಣ ದಾಸ್ತಾನಿನ ಮೇಲೂ ಅನುಮಾನ ಬರಬೇಕು, ಅದರ ಏರಿಕೆಯೂ 20 ಅಲ್ವಾ. ಆದರೆ ದಾಸ್ತಾನು ಬಿಟ್ಟುಹೋಗಿದ್ದರೆ ಕೊನೆಯ ಶಿಲ್ಕು 68 ಬಂದು ಕೂಗಿ ಹೇಳುತ್ತಿತ್ತು. ಶಿಲ್ಕು ಕೂಡಿಯೂ ಕಾರ್ಯಾಚರಣೆ ತಪ್ಪಿದ್ದರೆ ಅದು ಒಂದು ಭಾಗದಿಂದ ಇನ್ನೊಂದಕ್ಕೆ ಜಾರಿದ ಮೊತ್ತ.

ನೇರ ವಿಧಾನಕ್ಕೂ ತನ್ನದೇ ಗುಂಡಿ ಇದೆ. 180ರ ಖರ್ಚಿನಲ್ಲಿ 10 ವಸೂಲಾಗದ ಸಾಲ ಅಂತ ಬರೆದುಹಾಕಿದ್ದು ಅಂದುಕೊಳ್ಳಿ. ಆ 10 ಗಿರಾಕಿಗಳ ಬಾಕಿಯಿಂದ ಅಳಿಸಿಹೋಯಿತು, ಆದರೆ ದುಡ್ಡು ಬರಲಿಲ್ಲ. ಆಗ ಗಿರಾಕಿಗಳಿಂದ ಬಂದಿದ್ದು 950 ಅಲ್ಲ, 940. ಖರ್ಚಿಗೆ ಕೊಟ್ಟಿದ್ದೂ 185 ಅಲ್ಲ, 175. ಒಟ್ಟು ಮತ್ತೆ 98. ಪರೋಕ್ಷದಲ್ಲಿ ಇದು ಗೊತ್ತೇ ಆಗೋದಿಲ್ಲ, ಬಾಕಿಯ ನಿವ್ವಳ ಏರಿಕೆಯಲ್ಲೇ ಕರಗಿಹೋಗುತ್ತದೆ. ನೇರದಲ್ಲಿ ಮಾತ್ರ ಎರಡು ಸಾಲು ಸುಳ್ಳಾಗುತ್ತವೆ. ಗಿರಾಕಿಗಳಿಂದ ಎಷ್ಟು ಬಂತು ಅಂತ ತಿಳಿಯಲೆಂದೇ ನೇರ ವಿಧಾನ ಮಾಡುವವರಿಗೆ ಇದು ಚಿಕ್ಕ ವಿಷಯವಲ್ಲ.

ಬಡ್ಡಿಯ ಬಗ್ಗೆ ಒಂದು ಮಾತು. ನೀವು 30 ಬಡ್ಡಿಯನ್ನು ಕಾರ್ಯಾಚರಣೆಯಲ್ಲಿ ಇಟ್ಟಿದ್ದೀರಿ. ನಗದು ಹರಿವಿನ ಅಂತರರಾಷ್ಟ್ರೀಯ ಮಾನದಂಡ ಐಎಎಸ್ 7 ಇದಕ್ಕೆ ಇಲ್ಲಿಯವರೆಗೆ ಅವಕಾಶ ಕೊಟ್ಟಿದೆ. 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಹೊಸ ಮಾನದಂಡ ಐಎಫ್‌ಆರ್‌ಎಸ್ 18 ಬಂದಾಗ, ಇಂಥ ಸಾಮಾನ್ಯ ವ್ಯಾಪಾರದ ಕಂಪನಿ ಕಟ್ಟಿದ ಬಡ್ಡಿಯನ್ನು ಹಣಕಾಸು ಭಾಗದಲ್ಲಿ ತೋರಿಸಬೇಕು. ಪರೋಕ್ಷ ವಿಧಾನವೂ ನಿವ್ವಳ ಲಾಭದ ಬದಲು ಕಾರ್ಯಾಚರಣಾ ಲಾಭದಿಂದ ಶುರುವಾಗಬೇಕು. ಆಗ ನಿಮ್ಮ ಲೆಕ್ಕದಲ್ಲಿ ಎರಡೂ ವಿಧಾನ 128 ಕೊಡುತ್ತವೆ, ಹಣಕಾಸು ಭಾಗ 25ರ ಬದಲು 55 ಆಗುತ್ತದೆ. ಯಂತ್ರದ ಲಾಭ 20 ಮಾತ್ರ ಆಗಲೂ ಕಾರ್ಯಾಚರಣಾ ಲಾಭದ ಒಳಗೇ ಇರುತ್ತದೆ, ಆಗಲೂ ಅದನ್ನು ಕಳೆಯಲೇಬೇಕು.

ಯಾವುದನ್ನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಐಎಎಸ್ 7 ನೇರ ವಿಧಾನವನ್ನು ಪ್ರೋತ್ಸಾಹಿಸುತ್ತದೆ, ಕಂಪನಿಗಳು ಹೆಚ್ಚಾಗಿ ಪರೋಕ್ಷವನ್ನೇ ಹಿಡಿಯುತ್ತವೆ. ಲಾಭ-ನಷ್ಟ ಖಾತೆ, ಎರಡು ಬ್ಯಾಲೆನ್ಸ್ ಶೀಟು, ನಾಲ್ಕು ಟಿಪ್ಪಣಿ ಇದ್ದರೆ ಅದು ಮುಗಿಯುತ್ತದೆ. ಲಾಭ 120 ಇದ್ದರೂ ನಗದು 98 ಯಾಕೆ ಅಂತ ಕೇಳುವವರಿಗೂ ಅದೇ ಬೇಕು, ಗಿರಾಕಿಗಳ ಹತ್ತಿರ ಸಿಕ್ಕಿಕೊಂಡ 50 ಅಲ್ಲಿ ಎದ್ದು ಕಾಣುತ್ತದೆ. ಮುಂದಿನ ಮೂರು ತಿಂಗಳು ಸಂಬಳಕ್ಕೆ ದುಡ್ಡು ಸಾಕಾಗುತ್ತಾ ಅಂತ ನೋಡುವವರಿಗೆ ನಾನು ನೇರವನ್ನೇ ಮಾಡಿಕೊಡೋದು, ಅವರಿಗೆ ಬೇಕಾದ್ದು 950 ಮತ್ತು 605.

ನಿಮ್ಮ ಹಾಳೆ ಸರಿಪಡಿಸೋಕೆ ಎರಡೇ ತಿದ್ದುಪಡಿ. ಸವಕಳಿಯ ಕೆಳಗೆ "ಯಂತ್ರ ಮಾರಿದ ಲಾಭ, ಕಳೆಯಿರಿ 20" ಅಂತ ಒಂದು ಸಾಲು ಸೇರಿಸಿ. ಹೂಡಿಕೆಯಲ್ಲಿ 90ನ್ನು ಹೊಡೆದುಹಾಕಿ 130 ಮತ್ತು 60 ಅಂತ ಎರಡು ಸಾಲು ಬರೆಯಿರಿ.