ರಸೀದಿಯ ಲೆಕ್ಕ ಅಮ್ಮನ ಪಾಸ್‌ಬುಕ್‌ವರೆಗೆ ಕೂಡಬೇಕು

"ಅಣ್ಣಾ, ದುಬೈಗೆ ಬಂದು ಎರಡು ತಿಂಗಳಾಯ್ತು. ಮೊನ್ನೆ ಎಕ್ಸ್‌ಚೇಂಜಿನಲ್ಲಿ ಒಟ್ಟು 3,021 ದಿರ್ಹಮ್ ಕಟ್ಟಿದೆ, ಅಮ್ಮನ ಖಾತೆಗೆ 70,050 ರೂಪಾಯಿ ಬಂತು. ಫೋನಿನಲ್ಲಿ ನೋಡಿದರೆ ದಿರ್ಹಮ್‌ಗೆ 23.50 ಇತ್ತು, ಇವರು ಕೊಟ್ಟಿದ್ದು 23.35. ಫೀಸು ಬೇರೆ. ನನಗೆ ಮೋಸ ಆಯ್ತಾ? ರಸೀದಿ ನೋಡಿ ತಿಳಿಯೋದು ಹೇಗೆ?"

ತಮ್ಮಾ, ಮೋಸ ಆಗಿಲ್ಲ. ಆದರೆ ದುಡ್ಡು ಕಳಿಸಲು ನಿನಗೆ ತಗಲಿದ ಖರ್ಚು ಬರೀ ಫೀಸಿನಷ್ಟಲ್ಲ, ಅದರ ಹತ್ತಿರ ಹತ್ತಿರ ಎರಡರಷ್ಟು. ರಸೀದಿ ತೆಗೆದು ಎದುರಿಗಿಟ್ಟುಕೋ, ಸಾಲುಸಾಲಾಗಿ ನೋಡೋಣ.

ಮೊದಲು ಫೀಸಿನ ಸಾಲು. ಫೀಸು 20 ದಿರ್ಹಮ್, ಅದರ ಮೇಲೆ ವ್ಯಾಟ್ 1 ದಿರ್ಹಮ್ ಎಂದು ಬೇರೆಬೇರೆ ಬರೆದಿರುತ್ತದೆ. 2018ರಿಂದ ಇಲ್ಲಿ ಶೇಕಡಾ 5 ವ್ಯಾಟ್ ಇದೆ. ಅದು ಬೀಳಬೇಕಾದದ್ದು ಫೀಸಿನ ಮೇಲೆ ಮಾತ್ರ, ನೀನು ಕಳಿಸುವ ಹಣದ ಮೇಲಲ್ಲ. ಹಾಗಾಗಿ 3,021ರಲ್ಲಿ 21 ಕಳೆದರೆ ರೂಪಾಯಿಗೆ ಬದಲಾದದ್ದು 3,000. ಅದನ್ನು 23.35ರಿಂದ ಗುಣಿಸು: 70,050. ರಸೀದಿಯೊಳಗಿನ ಲೆಕ್ಕ ಕೂಡಿತು.

ಇಲ್ಲೊಂದು ಕಡೆ ಹೊಸಬರು ಎಡವುತ್ತಾರೆ. ಕೆಲವು ಕೌಂಟರುಗಳಲ್ಲಿ ನೀನು 3,000 ಕೊಟ್ಟರೆ ಫೀಸನ್ನು ಅದರೊಳಗೇ ಮುರಿದುಕೊಳ್ಳುತ್ತಾರೆ. ಆಗ ಬದಲಾಗುವುದು 2,979 ದಿರ್ಹಮ್, ಊರಿಗೆ ಹೋಗುವುದು 69,559 ರೂಪಾಯಿ 65 ಪೈಸೆ. ಅದೂ ತಪ್ಪಲ್ಲ. ಆದರೆ ಫೀಸನ್ನು ಮೇಲಿನಿಂದ ತೆಗೆದುಕೊಂಡು, ಮತ್ತೆ ಒಳಗಿನಿಂದಲೂ ಮುರಿದಿದ್ದರೆ ಅದು ತಪ್ಪು. ನೀನು 3,021 ಕಟ್ಟಿದ್ದರೂ ರಸೀದಿಯಲ್ಲಿ 69,559 ಅಂತ ಇದ್ದರೆ ಕೌಂಟರಿನ ಮುಂದೆ ನಿಂತೇ ಕೇಳು.

ಇನ್ನೊಂದು ವಿಷಯ. ಕೆಲವು ರಸೀದಿಗಳಲ್ಲಿ ದರವನ್ನು ತಿರುಗಿಸಿ, ಒಂದು ರೂಪಾಯಿಗೆ ಇಷ್ಟು ದಿರ್ಹಮ್ ಅಂತ ಬರೆಯುತ್ತಾರೆ. 23.35 ಅಲ್ಲಿ 0.0428 ಆಗಿ ಕಾಣುತ್ತದೆ. 3,000ವನ್ನು ಅದರಿಂದ ಭಾಗಿಸಿದರೆ 70,093 ಬರುತ್ತದೆ, 43 ರೂಪಾಯಿ ಯಾರೋ ನುಂಗಿದಂತೆ ತೋರುತ್ತದೆ. ಯಾರೂ ನುಂಗಿಲ್ಲ. ನಿಜವಾದ ದರ 0.0428266, ಕಾಗದದಲ್ಲಿ ನಾಲ್ಕೇ ಅಂಕಿ ಅಚ್ಚಾಗಿದೆ. ಜಗಳಕ್ಕೆ ಹೋಗುವ ಮೊದಲು ರೂಪಾಯಿ ಮೊತ್ತವನ್ನು ದಿರ್ಹಮ್ ಮೊತ್ತದಿಂದ ನೀನೇ ಭಾಗಿಸಿ ದರ ತೆಗೆದುಕೋ.

ಈಗ ರಸೀದಿಯಲ್ಲಿ ಎಲ್ಲೂ ಅಚ್ಚಾಗದ ಖರ್ಚಿಗೆ ಬರೋಣ. ಫೋನಿನಲ್ಲಿ ನೀನು ಕಂಡ 23.50 ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ದರ. ಆ ದರದಲ್ಲಿ ನಮ್ಮಂಥವರಿಗೆ ಕೌಂಟರಿನಲ್ಲಿ ರೂಪಾಯಿ ಸಿಗುವುದಿಲ್ಲ. ಅದಕ್ಕೂ ನಿನಗೆ ಸಿಕ್ಕ ದರಕ್ಕೂ ನಡುವೆ ಇರುವ 15 ಪೈಸೆಯೇ ಎಕ್ಸ್‌ಚೇಂಜಿನವರ ಮಾರ್ಜಿನ್. 3,000 ದಿರ್ಹಮ್‌ಗೆ ಅದು 450 ರೂಪಾಯಿ, ಅಂದರೆ ಸುಮಾರು 19 ದಿರ್ಹಮ್. ಫೀಸಿನ 21 ಸೇರಿಸಿದರೆ ಒಟ್ಟು ಖರ್ಚು 40 ದಿರ್ಹಮ್ ಚಿಲ್ಲರೆ.

ಇದನ್ನು ತಾಳೆ ನೋಡುವ ಒಂದು ದಾರಿ ಇದೆ, ನಾನು ಪ್ರತಿ ಸಲ ಮಾಡುವುದು ಇದನ್ನೇ. ಕೈಯಿಂದ ಹೋದ ಪೂರ್ತಿ 3,021ನ್ನು 23.50ರಿಂದ ಗುಣಿಸು: 70,993.50. ಅಮ್ಮನಿಗೆ ಬಂದದ್ದು 70,050. ವ್ಯತ್ಯಾಸ 943.50 ರೂಪಾಯಿ. ಇದರಲ್ಲಿ ಮಾರ್ಜಿನ್ 450. ಫೀಸಿನ 21 ದಿರ್ಹಮ್ 23.50ರ ಲೆಕ್ಕದಲ್ಲಿ 493.50. ಎರಡೂ ಸೇರಿದರೆ ಸರಿಯಾಗಿ 943.50. ಹೀಗೆ ಕೂಡಿದರೆ ದಾರಿಯಲ್ಲಿ ಬೇರೆ ಯಾರೂ ಕೈ ಹಾಕಿಲ್ಲ ಎಂದು ಅರ್ಥ. ಕೂಡದೆ ಏನಾದರೂ ಉಳಿದರೆ ಆ ಉಳಿದದ್ದು ಎಲ್ಲಿ ಹೋಯಿತು ಎಂದು ಹುಡುಕಬೇಕು.

ಫೋನಿನ ದರ ಮಾತ್ರ ದುಡ್ಡು ಕಟ್ಟಿದ ಗಳಿಗೆಯದ್ದೇ ಆಗಿರಬೇಕು, ಸಂಜೆ ರೂಮಿಗೆ ಬಂದು ನೋಡಿದ್ದಲ್ಲ. ಕೌಂಟರಿನ ಮುಂದೆಯೇ ಸ್ಕ್ರೀನ್‌ಶಾಟ್ ತೆಗೆದುಕೊಂಡುಬಿಡು. ದಿರ್ಹಮ್ 1997ರಿಂದ ಡಾಲರಿಗೆ 3.6725ರಲ್ಲಿ ಕಟ್ಟಿಹಾಕಿಕೊಂಡಿದೆ, ಹಾಗಾಗಿ ಏರಿಳಿಯುವುದು ಡಾಲರು ಮತ್ತು ರೂಪಾಯಿ ನಡುವಿನ ದರವಷ್ಟೇ. ಶನಿವಾರ, ಭಾನುವಾರ ಆ ಮಾರುಕಟ್ಟೆ ಮುಚ್ಚಿರುತ್ತದೆ. ಸೋಮವಾರ ದರ ಎತ್ತ ಹೋಗುತ್ತದೋ ಎಂಬ ಅಳುಕಿಗೆ ವಾರಾಂತ್ಯದಲ್ಲಿ ಮಾರ್ಜಿನ್ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವವರಿದ್ದಾರೆ.

ನಿನ್ನ ಹಣ ಪೂರ್ತಿ ತಲುಪಿದ್ದಕ್ಕೆ ಕಾರಣ ಅದು ಇಲ್ಲೇ ರೂಪಾಯಿ ಆಗಿ ಹೋಗಿದ್ದು. ಇಲ್ಲಿನ ಎಕ್ಸ್‌ಚೇಂಜಿನವರು ನಮ್ಮ ದೇಶದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟುಕೊಂಡಿರುತ್ತಾರೆ, ಅದರಿಂದ ಅಮ್ಮನ ಖಾತೆಗೆ ಹಾಕಿಸುತ್ತಾರೆ. ರಸೀದಿಯಲ್ಲಿ ಕಳಿಸುವ ಕರೆನ್ಸಿ ಐಎನ್‌ಆರ್ ಎಂದಿದ್ದರೆ ಅಲ್ಲಿ ಬರೆದ ಮೊತ್ತವೇ ಪಾಸ್‌ಬುಕ್‌ನಲ್ಲಿ ಬರಬೇಕು.

ನನ್ನ ರೂಮಿನ ಗೆಳೆಯನೊಬ್ಬನಿಗೆ ಹೀಗಾಗಲಿಲ್ಲ. ಅವನೂ 3,000 ದಿರ್ಹಮ್ ಕಟ್ಟಿದ್ದ. ಕೌಂಟರಿನ ಹುಡುಗ ಅವಸರದಲ್ಲಿ ಕರೆನ್ಸಿ ಯುಎಸ್‌ಡಿ ಎಂದು ಹಾಕಿದ್ದ, ಇವನು ನೋಡದೆ ಸಹಿ ಮಾಡಿದ್ದ. 814.11 ಡಾಲರ್ ಹೊರಟಿತು. ನಡುವೆ ಒಂದು ಬ್ಯಾಂಕು 15 ಡಾಲರ್ ಮುರಿದುಕೊಂಡಿತು. ಉಳಿದ 799.11 ಡಾಲರನ್ನು ಊರಿನ ಬ್ಯಾಂಕು ತನ್ನ ದರ 85.60ರಲ್ಲಿ ರೂಪಾಯಿ ಮಾಡಿ 68,403.82 ಜಮಾ ಮಾಡಿತು, ಆಮೇಲೆ ಜಿಎಸ್‌ಟಿ ಎಂದು 123 ರೂಪಾಯಿ ಚಿಲ್ಲರೆ ತೆಗೆಯಿತು. ಅವನ ಅಪ್ಪ ಬ್ಯಾಂಕಿಗೆ ಮೂರು ಸಲ ಅಲೆದರು, ಪಾಪ. ಆ ಜಿಎಸ್‌ಟಿ ಸರಿಯಾದದ್ದೇ. ಒಂದು ಲಕ್ಷದವರೆಗೆ ಬದಲಾದ ಮೊತ್ತದ ಶೇಕಡಾ 1ನ್ನು, ಕನಿಷ್ಠ 250 ರೂಪಾಯಿಯನ್ನು, ಬ್ಯಾಂಕಿನ ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇಕಡಾ 18 ಹಾಕುತ್ತಾರೆ. 684 ರೂಪಾಯಿಗೆ 123 ಆಗುವುದು ಹಾಗೆ.

ಎಲ್ಲಿ ಸೋರಿತು ಎಂಬುದನ್ನು ಪಾಸ್‌ಬುಕ್ ಹೇಳುತ್ತದೆ. ಜಮಾ ಆದಮೇಲೆ ಬೇರೆ ಸಾಲಿನಲ್ಲಿ ಕಳೆದಿದ್ದರೆ ಅದು ಊರಿನ ಬ್ಯಾಂಕಿನದು. ಜಮಾ ಆಗುವಾಗಲೇ ಕಡಿಮೆ ಬಂದಿದ್ದರೆ, ಎಷ್ಟು ಡಾಲರ್ ಬಂತು, ಯಾವ ದರ ಹಾಕಿದರು ಎಂಬ ಚೀಟಿಯನ್ನು ಬ್ಯಾಂಕಿನಲ್ಲಿ ಕೇಳಬೇಕು. ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಅದರಲ್ಲಿ 799.11 ಎಂದು ನೋಡಿದ ಮೇಲೆಯೇ ನಮಗೆ ಆ 15 ಡಾಲರಿನ ಸುಳಿವು ಸಿಕ್ಕಿದ್ದು.

ಫೀಸೇ ಇಲ್ಲ ಎಂಬ ಬೋರ್ಡು ನೋಡಿ ಓಡಬೇಡ, ಲೆಕ್ಕ ಹಾಕು. ಅಂಥವರು 23.15 ಕೊಡುತ್ತಾರೆ ಎಂದಿಟ್ಟುಕೋ. ನಿನ್ನ 3,021ಕ್ಕೆ 69,936 ರೂಪಾಯಿ ಬರುತ್ತಿತ್ತು, ನಿನಗೆ ಸಿಕ್ಕಿದ್ದಕ್ಕಿಂತ 114 ಕಡಿಮೆ. ಅದೇ ತಂಗಿಯ ಫೀಸಿಗೆಂದು ಒಟ್ಟು 521 ದಿರ್ಹಮ್ ಮಾತ್ರ ಕಳಿಸುವುದಾದರೆ ಅವರ ಹತ್ತಿರ 12,061 ಬರುತ್ತದೆ, ನಿನ್ನ ಎಕ್ಸ್‌ಚೇಂಜಿನಲ್ಲಿ 21 ಕಳೆದು 11,675. ಈ ಎರಡು ದರಗಳಿಗೆ ಒಟ್ಟು 2,450 ದಿರ್ಹಮ್ ಹತ್ತಿರ ಎರಡೂ ಸಮ ಆಗುತ್ತವೆ. ಅದಕ್ಕಿಂತ ದೊಡ್ಡ ಮೊತ್ತಕ್ಕೆ ನೀನು ಮಾಡಿದ್ದೇ ಸರಿ. ಹತ್ತು ಸಾವಿರ ದಾಟಿದರೆ ಸ್ಪೆಷಲ್ ರೇಟ್ ಇದೆಯಾ ಅಂತ ಬಾಯಿಬಿಟ್ಟು ಕೇಳು, ಎಷ್ಟೋ ಸಲ ಎರಡು ಮೂರು ಪೈಸೆ ಏರಿಸುತ್ತಾರೆ.

ಲೆಕ್ಕ ಕೂಡದಿದ್ದರೆ ಮೊದಲು ಎಕ್ಸ್‌ಚೇಂಜಿನವರಿಗೇ ರಸೀದಿಯ ರೆಫರೆನ್ಸ್ ನಂಬರಿನೊಂದಿಗೆ ಇಮೇಲ್‌ನಲ್ಲಿ ದೂರು ಕೊಡು, ಬಾಯಿಮಾತಿನಲ್ಲಿ ಬೇಡ. ಅಲ್ಲಿ ಬಗೆಹರಿಯದಿದ್ದರೆ ಸನದಕ್ ಎಂಬ ಒಂಬುಡ್ಸ್‌ಮನ್ ಇದ್ದಾರೆ, ಅಲ್ಲಿಗೆ ಹೋಗಬಹುದು. ಅದಕ್ಕೆ ರಸೀದಿಯೂ ಬೇಕು, ಪಾಸ್‌ಬುಕ್‌ನ ಆ ಸಾಲೂ ಬೇಕು. ಥರ್ಮಲ್ ಕಾಗದದ ಅಕ್ಷರ ಇಲ್ಲಿನ ಸೆಕೆಗೆ ಬೇಗ ಮಾಸಿಹೋಗುತ್ತದೆ, ಇವತ್ತೇ ಫೋಟೋ ತೆಗೆದಿಡು. ಅಮ್ಮನಿಗೂ ಪಾಸ್‌ಬುಕ್ ಎಂಟ್ರಿ ಹಾಕಿಸಿ ಆ ಪುಟದ ಫೋಟೋ ಕಳಿಸಲು ಹೇಳು.